ಶಾಸನದ ಫಲಕವೂ ಸರಳತೆಯೂ

ಸಂಗ್ರಹಾಲಯದ ಶಾಸನ ಫಲಕಗಳಲ್ಲಿ ಹಳೆಯ ಪದಗಳನ್ನೂ ಶಕವರ್ಷಗಳನ್ನೂ ಕೈಬಿಟ್ಟು, ಸಾರವನ್ನು ಮಾತ್ರ ಆಡುನುಡಿಯಲ್ಲಿ ಬರೆಯಬೇಕೆಂದು ಕಳೆದ ಸಂಚಿಕೆಯ ಲೇಖಕರು ವಾದಿಸಿದ್ದಾರೆ. ನಿಂತು ಓದುವವನಿಗೆ ಕಾಲವೂ ತಾಳ್ಮೆಯೂ ಅಲ್ಪವೆಂಬ ಅವರ ಮಾತು ನಿಜ. ಅದರಿಂದ ಅವರು ತೆಗೆದ ನಿರ್ಣಯವು ಮಾತ್ರ ನಿಜವಲ್ಲ.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲನ್ನೇ ನೋಡೋಣ. ಹಂದಿಯೊಡನೆ ಕಾದಿ ಮಡಿದ ಕಾಳಿಯೆಂಬ ನಾಯಿಯ ಸ್ಮಾರಕವಾದ ಅದು, ಗಂಗ ಬೂತುಗನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದುದನ್ನೂ ಹೇಳುತ್ತದೆ. ಅಲ್ಲಿನ ಒಂದು ಪದವನ್ನು ಫ್ಲೀಟನು ಮೊದಲು ‘ಕಳ್ಳ’ ಎಂದೋದಿ ವಂಚನೆಯ ಅರ್ಥವನ್ನು ಹೇಳಿದ್ದನು. ಅದು ‘ಕಳ’, ಎಂದರೆ ರಣಭೂಮಿ, ಎಂದು ತಿದ್ದಿದಾಗ, ಬಿಸುಗೆಯೇ, ಅರ್ಥಾತ್ ಆನೆಯ ಅಂಬಾರಿಯೇ, ಕಳವಾಗಲು ಬೂತುಗನು ಇರಿದನೆಂಬ ಚಿತ್ರವು ಮೂಡಿತು. ‘ಬೂತುಗ ರಾಜಾದಿತ್ಯನನ್ನು ಕೊಂದ’ ಎಂಬ ಸರಳ ವಾಕ್ಯವು ಈ ವಿವಾದವನ್ನೂ ಚಿತ್ರವನ್ನೂ ಒಟ್ಟಿಗೆ ಅಳಿಸಿಬಿಡುತ್ತದೆ. ‘ಬಿಸುಗೆ (ಅಂಬಾರಿ)’ ಎಂದು ಬರೆಯಲು ತಗಲುವ ಸ್ಥಳವೆಷ್ಟು?

ಕಾಲದ ವಿಷಯವೂ ಹಾಗೆಯೇ. ಕಲ್ಲಿನಲ್ಲಿರುವುದು ಶಕ 872, ಸೌಮ್ಯ ಸಂವತ್ಸರ. ಕಣ್ಣುಮುಚ್ಚಿ 78 ಕೂಡಿಸಿದರೆ 950 ಬರುವುದು. ಆದರೆ ಸೌಮ್ಯವು ಬರುವುದು 949-50ರಲ್ಲಿ, ಏಕೆಂದರೆ ಇಲ್ಲಿ ಎಣಿಸಿರುವುದು ನಡೆಯುತ್ತಿರುವ ವರ್ಷವನ್ನು, ಕಳೆದ ವರ್ಷವನ್ನಲ್ಲ. ‘ಹತ್ತನೆಯ ಶತಮಾನ’ ಎಂದಷ್ಟೇ ಬರೆದ ಫಲಕವು ತಪ್ಪಾಗಲಾರದು, ದಿಟ. ಆದರೆ ಕಲ್ಲು ತಾನಾಗಿಯೇ ಹೇಳಿದ ವರ್ಷವನ್ನು ಅದರ ಪಕ್ಕದಲ್ಲಿಯೇ ನಿಂತವನಿಂದ ಮುಚ್ಚಿಡುತ್ತದೆ.