ಮುಂಗಡದ ಮೇಲಿನ ತೆರಿಗೆ: ಕರದಂಟಿಗಿಲ್ಲ, ಕಲ್ಯಾಣ ಮಂಟಪಕ್ಕೇಕೆ?

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದ ಮೇಲೆ ಚರ್ಚೆಯೆಲ್ಲ ಶೇ 5, ಶೇ 18, ಶೇ 40ರ ಸುತ್ತಲೇ ನಡೆದಿದೆ. ಯಾವುದು ಅಗ್ಗವಾಯಿತು, ಯಾವುದು ತುಟ್ಟಿಯಾಯಿತು ಎಂಬ ಪಟ್ಟಿಗಳು ಸಾಕಷ್ಟು ಬಂದಿವೆ. ತೆರಿಗೆ ಎಷ್ಟು ಎಂದು ಕೇಳಿದವರು ಅದನ್ನು ಯಾವಾಗ ಕಟ್ಟಬೇಕು ಎಂದು ಕೇಳಲಿಲ್ಲ. ಸಣ್ಣ ಸೇವಾ ವ್ಯವಹಾರಸ್ಥನನ್ನು ಹೆಚ್ಚು ಕಾಡುವುದು ಈ ಎರಡನೆಯ ಪ್ರಶ್ನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ವಾರ್ಷಿಕ ವಹಿವಾಟು ಒಂದೂವರೆ ಕೋಟಿ ರೂಪಾಯಿಯೊಳಗಿರುವ ಸೇವಾದಾರರಿಗೆ ಮುಂಗಡದ ಮೇಲಿನ ತೆರಿಗೆಯನ್ನು ಕೈಬಿಡಬೇಕು. ಇದಕ್ಕೆ ಕಾಯ್ದೆ ತಿದ್ದುವ ಅಗತ್ಯವೂ ಇಲ್ಲ.

ಮೂಡಲಗಿಯ ಒಂದು ಮದುವೆಯ ಲೆಕ್ಕ ಹಾಕೋಣ. ಮೇ 12ಕ್ಕೆ ಮುಹೂರ್ತ. ಹೆಣ್ಣಿನ ಕಡೆಯವರು ಜನವರಿ 10ರಂದು ಗೋಕಾಕಕ್ಕೆ ಹೋಗಿ ಬೀಗರಿಗೆ ಕೊಡಲು ಕರದಂಟಿಗೆ ಆರ್ಡರ್ ಕೊಟ್ಟು ಮುಂಗಡ ಕಟ್ಟುತ್ತಾರೆ. ಅಂಗಡಿಯವನು ರಾಜಿ ತೆರಿಗೆಗೆ ಹೋಗದ ಸಾಮಾನ್ಯ ನೋಂದಾಯಿತ ವ್ಯಾಪಾರಿ. ಆ ಮುಂಗಡಕ್ಕೆ ಅವನು ಅಂದು ಒಂದು ಪೈಸೆ ತೆರಿಗೆಯನ್ನೂ ಕಟ್ಟಬೇಕಿಲ್ಲ. ಮೇ ತಿಂಗಳಲ್ಲಿ ಡಬ್ಬಿಗಳನ್ನು ಕಳಿಸುವಾಗ ಬಿಲ್ ಹರಿದರೆ ಆಗ ತೆರಿಗೆ.

ಅದೇ ದಿನ ಅದೇ ಮನೆಯವರು ಕಲ್ಯಾಣ ಮಂಟಪ ಗೊತ್ತು ಮಾಡುತ್ತಾರೆ. ಬಾಡಿಗೆ ತೆರಿಗೆ ಸೇರಿ ₹1,18,000; ಅರ್ಧ ಹಣ, ಅಂದರೆ ₹59,000 ಮುಂಗಡ. ಮಂಟಪದ ಬಾಡಿಗೆ ಸೇವೆ, ಅದರ ದರ ಶೇ 18. ಹಣ ಬ್ಯಾಂಕ್ ಖಾತೆಗೆ ಜಮೆಯಾದ ದಿನ ಅಥವಾ ಲೆಕ್ಕದ ಪುಸ್ತಕದಲ್ಲಿ ನಮೂದಾದ ದಿನ, ಎರಡರಲ್ಲಿ ಯಾವುದು ಮೊದಲೋ ಅಂದೇ ಅಷ್ಟರ ಮಟ್ಟಿಗೆ ಸೇವೆ ಪೂರೈಕೆಯಾಯಿತೆಂದು ಕಾನೂನು ಭಾವಿಸುತ್ತದೆ. ಚಪ್ಪರ ಏಳಲು ಇನ್ನೂ ನಾಲ್ಕು ತಿಂಗಳಿದ್ದರೂ ₹59,000ದಲ್ಲಿ ₹9,000 ತೆರಿಗೆ. ತಿಂಗಳ ರಿಟರ್ನ್ ಸಲ್ಲಿಸುವವನಾದರೆ ಫೆಬ್ರುವರಿ 20ರೊಳಗೆ ಅದನ್ನು ಕಟ್ಟಬೇಕು. ಊಟದ ಗುತ್ತಿಗೆ ಹಿಡಿದವನಿಗೂ ಇದೇ ನಿಯಮ. ಅವನು ಬಡಿಸುವುದು ಹೋಳಿಗೆಯೇ ಆದರೂ ಕಾನೂನಿನ ಕಣ್ಣಿಗೆ ಅದು ಸೇವೆ.

ಒಂದೇ ಮದುವೆ, ಒಂದೇ ದಿನ ಕೊಟ್ಟ ದುಡ್ಡು, ಎರಡು ನ್ಯಾಯ. ಇದು ಹೇಗಾಯಿತು ಎಂದು ತಿಳಿಯಲು 66/2017 ಸಂಖ್ಯೆಯ ಅಧಿಸೂಚನೆಯನ್ನು ನೋಡಬೇಕು.

2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಸರಕು, ಸೇವೆ ಎರಡರ ಮುಂಗಡಕ್ಕೂ ತೆರಿಗೆಯಿತ್ತು. ಸೇವಾ ತೆರಿಗೆಯ ಕಾಲದಿಂದಲೂ ಮುಂಗಡಕ್ಕೆ ತೆರಿಗೆ ಕಟ್ಟುತ್ತಿದ್ದ ಸೇವಾದಾರರು ಸುಮ್ಮನಿದ್ದರು. ವ್ಯಾಟ್‌ಗೆ ಒಗ್ಗಿಕೊಂಡಿದ್ದ ಸರಕಿನ ವ್ಯಾಪಾರಿಗಳಿಗೆ ಇದು ಹೊಸದು. ಅವರು ಗದ್ದಲ ಮಾಡಿದರು. ಅಕ್ಟೋಬರ್ 13ರಂದು 40/2017 ಅಧಿಸೂಚನೆ ಹೊರಬಿತ್ತು: ಒಂದೂವರೆ ಕೋಟಿಯೊಳಗಿನ ವ್ಯಾಪಾರಿಗೆ ಸರಕಿನ ಮುಂಗಡದ ಮೇಲೆ ತೆರಿಗೆ ಬೇಡ. ಗುವಾಹಟಿಯಲ್ಲಿ ನಡೆದ ಮಂಡಳಿ ಸಭೆಯ ಬಳಿಕ, ನವೆಂಬರ್ 15ರಂದು 66/2017 ಬಂತು. ಅದರಲ್ಲಿ ವಹಿವಾಟಿನ ಮಿತಿಯೂ ಹೋಯಿತು. ಸರಕಿನ ದೊಡ್ಡ ಕಂಪನಿಗಳಿಗೂ ವಿನಾಯಿತಿ ಸಿಕ್ಕಿತು. ಎರಡರ ನಡುವಿನ ಅಂತರ ಬರೀ 33 ದಿನ. ಎರಡನ್ನೂ ಹೊರಡಿಸಿದ್ದು ಕಾಯ್ದೆಯ 148ನೇ ಕಲಮಿನಡಿ. ಮಂಡಳಿಯ ಶಿಫಾರಸಿನ ಮೇರೆಗೆ ನೋಂದಾಯಿತರ ಒಂದು ವರ್ಗಕ್ಕೆ ತೆರಿಗೆ ಪಾವತಿಯ ವಿಶೇಷ ವಿಧಾನ ಗೊತ್ತುಪಡಿಸುವ ಅಧಿಕಾರ ಅದರಲ್ಲಿದೆ. ಆ ಅಧಿಕಾರ ಸರಕಿಗೆ ಮಾತ್ರ ಎಂದು ಅಲ್ಲಿ ಎಲ್ಲೂ ಬರೆದಿಲ್ಲ. ಸಾವಿರಾರು ಕೋಟಿಯ ಕಾರ್ಖಾನೆಗೆ ಕೊಟ್ಟ ಸವಲತ್ತನ್ನು ತಾಲ್ಲೂಕು ಊರಿನ ಮಂಟಪದವನಿಗೆ ಕೊಡಲಾಗದು ಎನ್ನಲು ಯಾವ ತರ್ಕವಿದೆ?

ತೆರಿಗೆ ಹೇಗೂ ಕಟ್ಟಲೇಬೇಕಲ್ಲ, ನಾಲ್ಕು ತಿಂಗಳು ಮೊದಲು ಕಟ್ಟಿದರೇನು ಎನ್ನುವವರಿದ್ದಾರೆ. ಮದುವೆ ನಡೆದರೆ ಆ ಮಾತು ಅರ್ಧ ಸರಿ. ಮದುವೆ ಮುರಿದುಬಿದ್ದಾಗ ಇವರೇನು ಹೇಳುತ್ತಾರೆ?

2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆಗಿ ಮದುವೆಯ ಹಂಗಾಮು ಪೂರ್ತಿ ಮುಳುಗಿದಾಗ ಈ ಪ್ರಶ್ನೆ ದೇಶದಾದ್ಯಂತ ಎದ್ದಿತ್ತು. ಏಪ್ರಿಲ್ 13ರ 137ನೇ ಸುತ್ತೋಲೆ ಉತ್ತರಿಸಿತು: ಬಿಲ್ ಕೊಟ್ಟಿದ್ದರೆ ಕ್ರೆಡಿಟ್ ನೋಟ್ ಕೊಡಿ, ಮುಂಗಡದ ರಸೀದಿ ವೋಚರ್ ಮಾತ್ರ ಕೊಟ್ಟಿದ್ದರೆ ರಿಫಂಡ್ ವೋಚರ್ ಬರೆದು, ಆರ್‌ಎಫ್‌ಡಿ-01 ನಮೂನೆಯಲ್ಲಿ ಹೆಚ್ಚುವರಿ ತೆರಿಗೆಯ ಮರುಪಾವತಿಗೆ ಅರ್ಜಿ ಹಾಕಿ. ಕಾಗದದ ಮೇಲೆ ದಾರಿ ಸಲೀಸಾಗಿದೆ. ಆದರೆ ಅದೇ ಕಾಯ್ದೆಯ 54ನೇ ಕಲಮು ₹1,000ಕ್ಕಿಂತ ಕಡಿಮೆ ಮೊತ್ತವನ್ನು ಮರುಪಾವತಿ ಮಾಡುವುದಿಲ್ಲ ಎನ್ನುತ್ತದೆ. ಈ ಮಿತಿಯನ್ನು ಕೇಂದ್ರದ ಪಾಲು, ರಾಜ್ಯದ ಪಾಲು ಎರಡಕ್ಕೂ ಪ್ರತ್ಯೇಕವಾಗಿ ಅನ್ವಯಿಸಬೇಕೆಂದು 2018ರ ಸುತ್ತೋಲೆಯೊಂದು ಹೇಳಿದೆ.

ಯಾರೂ ನೋಡದ ಸಂಖ್ಯೆ ಇದು. ಸಣ್ಣ ಮಂಟಪಕ್ಕೆ ₹10,000 ಕೊಟ್ಟು ದಿನ ಹಿಡಿದಿಟ್ಟರು ಎನ್ನಿ. ಅದರಲ್ಲಿ ತೆರಿಗೆ ₹1,525. ಎರಡೂ ಕಡೆ ತಲಾ ಸುಮಾರು ₹763. ಸಂಬಂಧ ಮುರಿಯಿತು, ಮಾಲೀಕ ಮರ್ಯಾದೆಗಂಜಿ ಪೂರ್ತಿ ಹತ್ತು ಸಾವಿರ ಹಿಂದಿರುಗಿಸಿದ. ಕಟ್ಟಿದ ತೆರಿಗೆಗೆ ಅರ್ಜಿ ಹಾಕಿದರೆ ಎರಡೂ ಪಾಲು ಸಾವಿರದೊಳಗೇ ಇವೆ. ಇದೊಂದೇ ರದ್ದತಿಯ ಮೇಲೆ ಅರ್ಜಿ ನಿಲ್ಲುವುದಿಲ್ಲ. ಶೇ 18ರ ದರದಲ್ಲಿ ಮುಂಗಡ ₹13,111 ದಾಟಿದರೆ ಮಾತ್ರ ಪ್ರತಿ ಪಾಲು ಸಾವಿರ ಮುಟ್ಟುತ್ತದೆ. ನಡೆಯದ ಮದುವೆಗೆ, ಕೊಡದ ಸೇವೆಗೆ, ವಾಪಸ್ ಕೊಟ್ಟ ಹಣಕ್ಕೆ ತೆರಿಗೆ! ಸಣ್ಣವನಾದಷ್ಟೂ ನಷ್ಟ ಖಚಿತ.

ಹಾಗಾಗಿಯೇ ಬಹುತೇಕರು ಮುಂಗಡವನ್ನು ತೋರಿಸುವುದಿಲ್ಲ. ಮೇ ತಿಂಗಳಲ್ಲಿ ಪೂರ್ತಿ ಬಿಲ್ ಮಾಡಿ ₹18,000 ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ಕೆಲವರು ರಸೀದಿಯ ಮೇಲೆ ‘ಡಿಪಾಜಿಟ್’ ಎಂದು ಬರೆಯುತ್ತಾರೆ. ಕುರ್ಚಿ, ಪಾತ್ರೆ ಮುರಿದರೆಂದು ಹಿಡಿದಿಟ್ಟುಕೊಂಡು ಕೊನೆಗೆ ಹಿಂದಿರುಗಿಸುವ ಹಣವಾದರೆ ಅದು ನಿಜವಾದ ಠೇವಣಿ, ತೆರಿಗೆಯಿಲ್ಲ. ಬಾಡಿಗೆಯಲ್ಲಿ ವಜಾ ಹಾಕಿಕೊಳ್ಳುವ ಹಣಕ್ಕೆ ಯಾವ ಹೆಸರಿಟ್ಟರೂ ಅದು ಮುಂಗಡವೇ. ಸಿಕ್ಕಿಬೀಳುವುದೂ ಸುಲಭ: ಮಾರ್ಚ್ 31ರ ಆಸ್ತಿ-ಹೊಣೆ ಪಟ್ಟಿಯಲ್ಲಿ ‘ಗ್ರಾಹಕರ ಮುಂಗಡ’ ಇದ್ದು, ಜಿಎಸ್‌ಟಿಆರ್-1ರ 11ಎ ಕೋಷ್ಟಕ ಖಾಲಿಯಿದ್ದರೆ ಅಧಿಕಾರಿಗೆ ಮತ್ತೇನೂ ಬೇಕಿಲ್ಲ. ನಮ್ಮ ಉದಾಹರಣೆಯಲ್ಲಿ ₹9,000ಕ್ಕೆ ಫೆಬ್ರುವರಿ 20ರಿಂದ ಜೂನ್ 20ರವರೆಗೆ ಶೇ 18ರಂತೆ ಬಡ್ಡಿ ಸುಮಾರು ₹533. ಹಂಗಾಮಿನ ಎಲ್ಲ ಮದುವೆಗಳನ್ನು ಕೂಡಿಸಿ, ಮೂರು ವರ್ಷಕ್ಕೆ ಎಳೆದು, ದಂಡ ಸೇರಿಸಿದರೆ ಮಾಲೀಕನಿಗೆ ನಿದ್ದೆ ಬರುವುದಿಲ್ಲ. ಇಷ್ಟಾಗಿಯೂ ಬೊಕ್ಕಸಕ್ಕೆ ತೆರಿಗೆಯೇನೂ ತಪ್ಪಿರಲಿಲ್ಲ, ತಡವಾಗಿತ್ತು ಅಷ್ಟೇ.

ವಿನಾಯಿತಿ ಕೊಟ್ಟರೆ ಬಿಲ್ಲನ್ನೇ ಮುಂದೂಡುತ್ತಾರೆ ಎಂಬ ಆಕ್ಷೇಪ ಪೂರ್ತಿ ಸುಳ್ಳಲ್ಲ. ವರ್ಷಗಟ್ಟಲೆ ಕಂತು ಎತ್ತುವ ಬಿಲ್ಡರ್‌ಗಳ ವಿಷಯದಲ್ಲಿ ಆ ಭಯಕ್ಕೆ ಅರ್ಥವಿದೆ. ಆದ್ದರಿಂದಲೇ ನಾನು ಕೇಳುತ್ತಿರುವುದು ಒಂದೂವರೆ ಕೋಟಿಯ ಮಿತಿ. ಮದುವೆಗೆ ತಾರೀಖು ಗೊತ್ತಿರುತ್ತದೆ, ಲಗ್ನಪತ್ರಿಕೆಯಲ್ಲಿ ಅಚ್ಚಾಗಿರುತ್ತದೆ. ಸೇವೆ ಮುಗಿದ 30 ದಿನದೊಳಗೆ ಬಿಲ್ ಕೊಡಬೇಕೆಂಬ ನಿಯಮ ಈಗಲೂ ಇದೆ. ಮುಚ್ಚಿಡಲು ಇಲ್ಲಿ ಜಾಗವೆಲ್ಲಿದೆ?

ಮಂಡಳಿಯ ಮುಂದಿನ ಸಭೆಗೆ ಕರ್ನಾಟಕ ಒಯ್ಯಬೇಕಾದ ಪ್ರಸ್ತಾವ ಒಂದೇ ಪುಟದ್ದು: 40/2017ರಲ್ಲಿ ಸರಕಿಗೆ ಹೇಳಿದ ಮಾತನ್ನೇ ಸೇವೆಗೂ ಹೇಳಿ. ಅಲ್ಲಿಯವರೆಗೆ ಮಂಟಪದವರು ಮುಂಗಡ ಬಂದ ದಿನವೇ ರಸೀದಿ ವೋಚರ್ ಬರೆಯಲಿ, 11ಎ ತುಂಬಲಿ, ಮದುವೆ ಮುಗಿದ ತಿಂಗಳು 11ಬಿಯಲ್ಲಿ ಅದನ್ನು ಹೊಂದಿಸಿಕೊಳ್ಳಲಿ. ನಿಯಮ ತಪ್ಪೆಂದು ವಾದಿಸಲು ಹಕ್ಕಿದೆ. ಹಾಗೆಂದು ಅದನ್ನು ಮರೆತರೆ ಬಡ್ಡಿ ಮಾಫಿಯಾಗುವುದಿಲ್ಲ.