ಆ ಹತ್ತು ನಿಮಿಷ ಎಲ್ಲಿ ಹೋಯ್ತು?

ಗೆಳೆಯನೊಬ್ಬ ಕತೆ ಬರೆದು ಕಳಿಸಿದ್ದ. 14 ಪುಟ. ಕತೆ ಹೇಳುವವನು ಸಾಫ್ಟ್‌ವೇರ್ ಕೆಲಸದವನು, ಹೆಂಡತಿ ಮೂರು ದಿನದಿಂದ ಕಾಣ್ತಿಲ್ಲ. ಪೊಲೀಸ್ ಸ್ಟೇಷನ್ನಿಗೆ ಅಲೀತಾನೆ, ಎದುರುಮನೆಯ ಸಿಸಿಟಿವಿ ನೋಡ್ತಾನೆ, ಅತ್ತೆಗೆ ಫೋನ್ ಮಾಡಿ ಅಳ್ತಾನೆ. ಕೊನೆಯ ನಾಲ್ಕು ಸಾಲಿನಲ್ಲಿ ಗೊತ್ತಾಗುತ್ತೆ, ಕೊಂದವನು ಅವನೇ, ಹೆಣ ಮನೆಯ ಸಂಪಿನಲ್ಲಿದೆ. 'ಹೇಗಿದೆ ಟ್ವಿಸ್ಟು?' ಅಂದ. ಮೋಸ ಅಂದೆ. ಅವನಿಗೆ ಸಿಟ್ಟು ಬಂತು. 'ಅನ್‌ರಿಲೈಯಬಲ್ ನರೇಟರ್ ಕಣೋ, ಅವನು ಸುಳ್ಳು ಹೇಳಬಹುದು' ಅಂದ.

ಈ ಮಾತನ್ನು ನಾನು ಈಗ ತುಂಬ ಕಡೆ ಕೇಳ್ತಿದ್ದೀನಿ. ಕಿರುಚಿತ್ರ, ವೆಬ್ ಸರಣಿ, ಕಥಾಸ್ಪರ್ಧೆ ಎಲ್ಲ ಕಡೆಯೂ ಕೊನೆಗೊಂದು ಏಟು ಕೊಡುವುದು, ಯಾಕಪ್ಪಾ ಅಂದರೆ 'ನಿರೂಪಕನನ್ನು ನಂಬಬಾರದಿತ್ತು' ಅನ್ನುವುದು. ಸರಿ, ನಂಬಬಾರದಿತ್ತು. ಆದರೆ ಹಾಗಂತ ನನಗೆ ಎಲ್ಲಿ ಗೊತ್ತಾಗಬೇಕಿತ್ತು? ಯಾವ ಪುಟದಲ್ಲಿ? ಇದಕ್ಕೆ ಉತ್ತರ ಇಲ್ಲದಿದ್ದರೆ ನಂಬಿಕೆಗೆ ಅನರ್ಹನಾದವನು ನಿರೂಪಕನಲ್ಲ, ಕತೆಗಾರ.

ಈ ಜಗಳ ಹಳೇದು. ಅಗಾಥಾ ಕ್ರಿಸ್ಟಿಯ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್' ಬಂದದ್ದು 1926ರಲ್ಲಿ. (ಓದಿಲ್ಲದವರು ಮುಂದಿನ ನಾಲ್ಕು ಪ್ಯಾರಾ ಹಾರಿಸಿ. ಹೆಚ್ಚುಕಡಿಮೆ ನೂರು ವರ್ಷ ಸಮಯ ಕೊಟ್ಟಿದ್ದಾರೆ, ಇನ್ನು ಕಾಯಲಾರೆ.) ಇಂಗ್ಲೆಂಡಿನ ಒಂದು ಹಳ್ಳಿ. ಆಕ್ರಾಯ್ಡ್ ಎಂಬ ಸಾಹುಕಾರ ತನ್ನ ಮನೆಯಲ್ಲೇ ಕೊಲೆಯಾಗುತ್ತಾನೆ. ಕತೆ ಹೇಳುವವನು ಊರಿನ ಡಾಕ್ಟರ್ ಶೆಪರ್ಡ್. ಪತ್ತೇದಾರ ಪ್ವಾರೋನ ಜೊತೆ ಓಡಾಡುತ್ತಾ ನಡೆದದ್ದನ್ನೆಲ್ಲ ಬರೆದಿಡುವವನೂ ಅವನೇ. ಕೊಲೆಗಾರನೂ ಅವನೇ. ಇದು ಮೋಸ ಎಂದು ಆಗ ಹಲವರು ರೇಗಿದರು. ಮೂರು ವರ್ಷದ ನಂತರ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ, ತಾನೂ ಪತ್ತೇದಾರಿ ಬರೆಯುತ್ತಿದ್ದವನು, ಹತ್ತು ಕಟ್ಟಳೆ ಹಾಕಿದ. ಅದರಲ್ಲಿ ಮೊದಲನೆಯದೇ, ಯಾರ ಮನಸ್ಸಿನೊಳಗೆ ಓದುಗನನ್ನು ಬಿಟ್ಟುಕೊಂಡಿದ್ದೀರೋ ಅವನನ್ನು ಕೊಲೆಗಾರ ಮಾಡಬೇಡಿ ಅಂತ.

ನನ್ನ ಪ್ರಕಾರ ಕ್ರಿಸ್ಟಿ ಮೋಸ ಮಾಡಿಲ್ಲ. ಲೆಕ್ಕ ಹಾಕಿ ನೋಡೋಣ.

ಆ ರಾತ್ರಿ ಡಾಕ್ಟರು ಆಕ್ರಾಯ್ಡ್‌ನ ಕೋಣೆಯಲ್ಲಿದ್ದಾರೆ. ಎಂಟು ನಲವತ್ತಕ್ಕೆ ಒಂದು ಪತ್ರ ಬರುತ್ತದೆ. ಎಂಟು ಐವತ್ತಕ್ಕೆ ತಾನು ಹೊರಟೆ, ಪತ್ರ ಇನ್ನೂ ಪೂರ್ತಿ ಓದಿರಲಿಲ್ಲ ಎಂದು ಡಾಕ್ಟರು ಬರೆಯುತ್ತಾರೆ. ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು ಒಮ್ಮೆ ಹಿಂದಿರುಗಿ ನೋಡಿ, ಏನಾದರೂ ಮಾಡುವುದು ಉಳಿಯಿತೇ ಎಂದು ಯೋಚಿಸಿದೆ ಅಂತಲೂ ಬರೆಯುತ್ತಾರೆ. ಮೊದಲ ಓದಿಗೆ ಇದು ಗೆಳೆಯನ ಬಗ್ಗೆ ಕಳವಳ ಇರುವವನ ಮಾತು. ಎರಡನೇ ಓದಿಗೆ ಮೈ ಜುಂ ಅನ್ನುತ್ತದೆ. ಆ ಹತ್ತು ನಿಮಿಷದಲ್ಲಿ ಏನಾಯ್ತು ಎಂದು ಅವರು ಹೇಳಿಯೇ ಇಲ್ಲ. ಆದರೆ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಕೊನೆಯ ಅಧ್ಯಾಯದಲ್ಲಿ ಡಾಕ್ಟರೇ ಈ ಸಾಲುಗಳನ್ನು ತೋರಿಸಿ, ಎಷ್ಟು ಚೆನ್ನಾಗಿ ಬರೆದಿದ್ದೇನೆ ನೋಡಿ ಎಂದು ಬೀಗುತ್ತಾರೆ.

ಬರೀ ಇಷ್ಟೇ ಆಗಿದ್ದರೆ ಅದು ಮಾತಿನ ಚಮತ್ಕಾರ. ಓದುಗನಿಗೆ ಹಿಡಿದುಕೊಳ್ಳಲು ಗಟ್ಟಿ ಸುಳಿವೂ ಬೇಕಲ್ವಾ? ಅದೂ ಇದೆ. ಡಾಕ್ಟರು ಎಂಟು ಐವತ್ತಕ್ಕೆ ಹೊರಟರು, ಗೇಟು ದಾಟುವಾಗ ಚರ್ಚಿನ ಗಡಿಯಾರ ಒಂಬತ್ತು ಬಾರಿಸಿತು. ಮನೆಯಿಂದ ಗೇಟಿಗೆ ನಡೆದರೆ ಐದು ನಿಮಿಷದ ದಾರಿ. ಇನ್ನೈದು ನಿಮಿಷ? ಪ್ವಾರೋ ಹಿಡಿದದ್ದು ಅದನ್ನೇ. ಹೆಣ ಸಿಕ್ಕಾಗ ಕೋಣೆಯಲ್ಲಿ ಒಂದು ಕುರ್ಚಿ ಜಾಗ ಬದಲಿಸಿತ್ತು, ಆಮೇಲೆ ಯಾರೋ ಅದನ್ನು ಮತ್ತೆ ಸ್ವಸ್ಥಾನಕ್ಕೆ ತಳ್ಳಿದ್ದರು. ಒಂಬತ್ತೂವರೆಗೆ ಆಕ್ರಾಯ್ಡ್ ಮಾತಾಡಿದ್ದು ಕೇಳಿಸಿತಲ್ಲ, ಅದು ಡಿಕ್ಟಾಫೋನ್ ಯಂತ್ರ. ಅದನ್ನು ಬಾಗಿಲ ಕಡೆಯಿಂದ ಮರೆಮಾಡಲು ಕುರ್ಚಿ. ಡಾಕ್ಟರಿಗೆ ಯಂತ್ರ ರಿಪೇರಿಯ ಹುಚ್ಚು ಎಂಬುದೂ ಹಗುರವಾಗಿ ಮೊದಲೇ ಬಂದಿರುತ್ತದೆ. ಎಲ್ಲ ಎದುರಿಗೇ ಇತ್ತು. ನಾವು ನೋಡಲಿಲ್ಲ.

ಇಲ್ಲಿಂದ ನಾನು ಕಲಿತ ಗೆರೆ ಯಾವುದೆಂದರೆ, ನಿರೂಪಕ ಬೇರೆ ಪಾತ್ರಗಳಿಗೆ ಬಾಯ್ತುಂಬ ಸುಳ್ಳು ಹೇಳಬಹುದು. ಓದುಗನಿಗೆ ಹೇಳದೆ ಬಿಡಬಹುದು, ಎರಡರ್ಥ ಬರುವಂತೆ ಹೇಳಬಹುದು. ಆದರೆ ಒಬ್ಬನೇ ಕೂತು ಓದುಗನ ಎದುರು ನಡೆಯದ್ದನ್ನು ನಡೆದಂತೆ ಹೇಳಿದರೆ, ಅದನ್ನು ಹಿಡಿಯುವುದಕ್ಕೆ ಬೇರೊಂದು ಎಳೆಯನ್ನು ಕತೆಯೇ ಕೊಟ್ಟಿರಬೇಕು. ನನ್ನ ಗೆಳೆಯನ ನಾಯಕ ಮೂರನೇ ಪುಟದಲ್ಲಿ, ಮನೆಯಲ್ಲಿ ಯಾರೂ ಇಲ್ಲದಾಗ, 'ಅವಳು ಎಲ್ಲಿದ್ದಾಳೋ ಎಂದು ರಾತ್ರಿಯಿಡೀ ಯೋಚಿಸಿದೆ' ಅನ್ನುತ್ತಾನೆ. ಎಲ್ಲಿದ್ದಾಳೆ ಅಂತ ಅವನಿಗೆ ಗೊತ್ತಲ್ಲ ಮಾರಾಯ! ಈ ಸಾಲನ್ನು ಅನುಮಾನಿಸಲು 14 ಪುಟದಲ್ಲಿ ಒಂದೇ ಒಂದು ಕಾರಣವಿಲ್ಲ.

ಅಲ್ಲಿ 'ರಾತ್ರಿಯಿಡೀ ನಿದ್ದೆ ಬರಲಿಲ್ಲ' ಅಂದಿದ್ದರೆ ಸಾಕಿತ್ತು. ಅದು ನಿಜ. ಇನ್ನು ಸಂಪು. ಅದು ಕೊನೇ ಪುಟದಲ್ಲಿ ಮೊದಲ ಸಲ ಬರುತ್ತೆ, ಮನೆಗೆ ಸಂಪಿದೆ ಅಂತಲೇ ನಮಗೆ ಗೊತ್ತಿರಲಿಲ್ಲ. ನಾನು ಹೇಳಿದ್ದು ಇಷ್ಟು: ನಾಲ್ಕನೇ ಪುಟದಲ್ಲಿ ಅವನು ಮಾಡಿದ ಫೋನುಗಳ ಪಟ್ಟಿ ಇದೆ, ಅತ್ತೆಗೆ, ಆಫೀಸಿಗೆ, ಅವಳ ಗೆಳತಿಗೆ. ಅದರ ನಡುವೆ ನೀರಿನ ಟ್ಯಾಂಕರಿನವನಿಗೂ ಒಂದು ಫೋನ್ ಹಾಕು, ಈ ವಾರ ಬೇಡ ಅಂತ. ಆರನೇ ಪುಟದಲ್ಲಿ ಅತ್ತೆ ಮಾವ ಬರುತ್ತಾರೆ, ಅವರಿಗೆ ಅಂತ ಕ್ಯಾನ್ ನೀರು ತರಿಸಲಿ, ಸ್ನಾನಕ್ಕೂ ಅದನ್ನೇ ಕಾಯಿಸಿ ಕೊಡಲಿ. ಅತ್ತೆ ಕೇಳಿದರೆ ಪಂಪು ಕೆಟ್ಟಿದೆ ಅನ್ನಲಿ. ಅತ್ತೆಗೆ ತಾನೇ, ಹೇಳಬಹುದು. ಹಾಗೆ ಹೇಳಿದ ತಕ್ಷಣ ಬಾಗಿಲಲ್ಲಿ ಪೊಲೀಸ್ ಬೆಲ್ ಮಾಡಲಿ, ಓದುಗನ ಗಮನ ಅತ್ತ ಹೋಗುತ್ತದೆ. ಸುಳಿವಿಗೆ ಆ ಕ್ಷಣಕ್ಕೆ ಒಪ್ಪುವ ಕಾರಣ ಬೇಕು, ಪಕ್ಕದಲ್ಲಿ ಸದ್ದು ಮಾಡುವಂಥದ್ದೇನಾದರೂ ಬೇಕು. ಹಾಗಂತ ಐದಾರು ಸಲ ನೀರು ನೀರು ಅಂದರೆ ಬುದ್ಧಿವಂತ ಓದುಗ ಏಳನೇ ಪುಟಕ್ಕೇ ಸಂಪಿನ ಮುಚ್ಚಳ ತೆಗೆದುಬಿಡುತ್ತಾನೆ.

'ಇದೆಲ್ಲ ಪತ್ತೇದಾರಿಗೆ ಸರಿ, ಸಾಹಿತ್ಯಕ್ಕಲ್ಲ' ಎಂದ. ಇದನ್ನಂತೂ ಒಪ್ಪಲ್ಲ. ವಿವೇಕ ಶಾನಭಾಗರ 'ಘಾಚರ್ ಘೋಚರ್' ತಗೊಳ್ಳಿ. ಅಲ್ಲಿ ನಿರೂಪಕ ಏನನ್ನೂ ಜಾಣತನದಿಂದ ಮುಚ್ಚಿಡುತ್ತಿಲ್ಲ, ತನ್ನಿಂದ ತಾನೇ ಮುಚ್ಚಿಟ್ಟುಕೊಂಡಿದ್ದಾನೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದ ಹೆಂಗಸನ್ನು ಮನೆಯ ಹೆಂಗಸರು ಬಾಗಿಲಲ್ಲೇ ಬೈದು ಅಟ್ಟುವಾಗ ಇವನು ಸುಮ್ಮನೆ ನಿಂತಿರುತ್ತಾನೆ. ಅದನ್ನು ನಮಗೆ ಹೇಳುವವನೂ ಅವನೇ. ಕೊನೆಯಲ್ಲಿ ಕೈಯ ಮೇಲೆ ರಕ್ತ ಇದೆ, ತೊಳೆದುಕೊಳ್ಳಿ ಎಂದು ಕಾಫಿ ಹೌಸಿನ ವೇಟರ್ ವಿನ್ಸೆಂಟ್ ಹೇಳುತ್ತಾನೆ. ಗ್ಲಾಸು ಒಡೆದು ಬೆರಳು ಕೊಯ್ದಿರುತ್ತದೆ, ಅಷ್ಟೇ. 'ಹೆಂಡತಿ ಏನಾದಳು ಅಂತ ಹೇಳೇ ಇಲ್ವಲ್ಲ' ಎಂದು ಗೊಣಗುವವರು ಆ ಬಾಗಿಲಿನ ದೃಶ್ಯಕ್ಕೆ ವಾಪಸ್ ಹೋಗಬೇಕು. ಆ ಮನೆ ಏನು ಮಾಡಬಲ್ಲದು, ಇವನು ಆಗ ಎಲ್ಲಿ ನಿಂತಿರುತ್ತಾನೆ ಎಂಬುದು ಅಲ್ಲಿದೆ.

ಗೆಳೆಯ ಮೂರು ವಾರ ಮಾತಾಡಲಿಲ್ಲ. ಮೊನ್ನೆ ಹೊಸ ಪ್ರತಿ ಕಳಿಸಿದ. ಟ್ಯಾಂಕರ್ ಇದೆ, ಕ್ಯಾನೂ ಇದೆ, ಕೊನೆಯ ನಾಲ್ಕು ಸಾಲು ತೆಗೆದುಹಾಕಿದ್ದಾನೆ. ಈಗ ಕತೆ ಮುಗಿಯುವುದು ಅತ್ತೆ ಬಚ್ಚಲಿನಿಂದ 'ಪಂಪು ಯಾವಾಗಿಂದ ಕೆಟ್ಟಿದೆ?' ಅಂತ ಎರಡನೇ ಸಲ ಕೇಳುವಲ್ಲಿ.