ಬಾಣಲೆಯ ಫೋಟೋ, ಬೀದಿಯ ತೀರ್ಪು

ಕೊಳ್ಳೇಗಾಲದಲ್ಲಿ ಮೊನ್ನೆ ಒಂದು ಫೋಟೋ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಬೀದಿ ಬದಿಯ ಬಜ್ಜಿ ಗಾಡಿ, ಬಾಣಲೆಯಲ್ಲಿ ಕಾಫಿ ಡಿಕಾಕ್ಷನ್ನಿನಂಥ ಎಣ್ಣೆ, ಎಣ್ಣೆಯ ಮೇಲೆ ನೊರೆ, ನೊರೆಯ ಮೇಲೆ ಹೊಗೆ. ಅಡಿಯಲ್ಲೊಂದು ಸಾಲು: "ವಾರದ ಎಣ್ಣೆ, ತಿಂದವರು ಆಸ್ಪತ್ರೆಗೆ." ಸಂಜೆಯೊಳಗೆ ಅದು ಹನೂರು ಮುಟ್ಟಿತು, ಯಳಂದೂರಿನ ಅಂಗಡಿ ಬೀದಿಯಲ್ಲೂ ಓಡಾಡಿತು. ಮರುದಿನ ಗಾಡಿಯವರ ವ್ಯಾಪಾರ ಅರ್ಧಕ್ಕೆ ಇಳಿಯಿತು. ಆಸ್ಪತ್ರೆಗೆ ಹೋದವರು ಮಾತ್ರ ನಮಗೆ ಒಬ್ಬರೂ ಸಿಗಲಿಲ್ಲ.

ಹಾಗಂತ ಗಾಡಿಯವರ ಪರವಾಗಿ ವಕಾಲತ್ತು ಹಾಕಲು ಈ ಅಂಕಣ ಹೊರಟಿಲ್ಲ. ಬಣ್ಣ, ನೊರೆ, ಹೊಗೆ ಮೂರೂ ನಿಜವಾದ ಗುರುತುಗಳೇ. ನೀಲಿ ಬೂದು ಹೊಗೆ ಎದ್ದರೆ, ಗಟ್ಟಿ ನೊರೆ ಕಟ್ಟಿದರೆ, ಎಣ್ಣೆ ಕಪ್ಪಾಗಿ ಕದಡಿದರೆ ಅದನ್ನು ಬಳಸಬೇಡಿ ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವೇ ತಿಳಿಸಿದೆ. ಆದರೆ ಅದು ಹೇಳಿರುವುದು ಒಲೆಯ ಮುಂದೆ ನಿಂತವರಿಗೆ. ಫೋಟೋ ನೋಡುವವನಿಗೆ ವಾಸನೆ ಬರುವುದಿಲ್ಲ, ಉರಿ ಎಷ್ಟಿದೆ ಗೊತ್ತಾಗುವುದಿಲ್ಲ, ಒಂದು ನಿಮಿಷದ ಹಿಂದೆ ಏನಾಗಿತ್ತು ಎಂಬುದಂತೂ ಕಾಣುವುದೇ ಇಲ್ಲ.

ಬಣ್ಣವನ್ನೇ ನೋಡಿ. ಕಬ್ಬಿಣದ ಬಾಣಲೆಯ ತಳ ಕಪ್ಪು. ಅದರಲ್ಲಿ ಇವತ್ತೇ ಒಡೆದ ಪಾಕೆಟ್ಟಿನ ಎಣ್ಣೆ ಸುರಿದು, ಸಂಜೆಗತ್ತಲಲ್ಲಿ ಒಂದು ಬಲ್ಬಿನ ಕೆಳಗೆ ಫೋಟೋ ಹೊಡೆದರೂ ಅದು ಕಪ್ಪಾಗಿಯೇ ಬರುತ್ತದೆ. ಸಾಲದ್ದಕ್ಕೆ ಕಡ್ಲೆಹಿಟ್ಟಿನ ಕಾಳು ಉದುರಿ ತಳದಲ್ಲಿ ಕರಕಾಗುತ್ತದೆ, ಹಿಟ್ಟಿನ ಖಾರದಪುಡಿ ಎಣ್ಣೆಗೆ ಬಣ್ಣ ಬಿಡುತ್ತದೆ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದೆಂದು ರಾಜ್ಯ ಸರ್ಕಾರ 2024ರ ಮಾರ್ಚಿಯಲ್ಲೂ, ಕಬಾಬಿಗೂ ಬೇಡವೆಂದು ಅದೇ ಜೂನಿನಲ್ಲೂ ಆಜ್ಞೆ ಮಾಡಿತು. ಆ ಬಣ್ಣ ಕದ್ದುಮುಚ್ಚಿ ಬಿದ್ದ ಕಡೆ ಎರಡೇ ಗಂಟೆಯಲ್ಲಿ ಎಣ್ಣೆ ಕೆಂಪೇರುತ್ತದೆ. ಅದು ಬಣ್ಣದ ತಪ್ಪು, ಎಣ್ಣೆಯ ವಯಸ್ಸಲ್ಲ. ಇದರ ಉಲ್ಟಾ ಕೂಡ ಉಂಟು. ಬರೀ ಪೂರಿ ಕರಿದ ಎಣ್ಣೆ, ಬಟ್ಟೆಯಲ್ಲಿ ಸೋಸಿಟ್ಟರೆ, ಒಳಗೆ ಕೆಟ್ಟಿದ್ದರೂ ಹೊರಗೆ ತಿಳಿಯಾಗಿ ಕಾಣಬಹುದು.

ನೊರೆಯಲ್ಲಿ ಎರಡು ಜಾತಿ. ಹಸಿ ಬಜ್ಜಿ ಬಿಟ್ಟ ಕೂಡಲೇ ಅದರ ಸುತ್ತ ದೊಡ್ಡ ದೊಡ್ಡ ಗುಳ್ಳೆಗಳು ಎದ್ದು ಪಟಪಟ ಒಡೆಯುತ್ತವೆ. ಅದು ಹಿಟ್ಟಿನ ನೀರು ಹಬೆಯಾಗಿ ಹೊರಬರುವ ಸಡಗರ. ಬಜ್ಜಿ ಬೆಂದಂತೆ ತಾನೇ ಅಡಗುತ್ತದೆ. ಕೆಟ್ಟ ಎಣ್ಣೆಯ ನೊರೆ ಸಣ್ಣ ಗುಳ್ಳೆಯದು, ಸೋಪಿನ ಬುರುಗಿನ ಹಾಗೆ. ಒಡೆಯದೆ ಬಾಣಲೆಯ ಅಂಚಿಗೆ ಹತ್ತುತ್ತದೆ, ಬಜ್ಜಿ ತೆಗೆದ ಮೇಲೂ ನಿಂತಿರುತ್ತದೆ. ಮೊನ್ನೆಯ ಫೋಟೋದಲ್ಲಿ ಬಾಣಲೆ ತುಂಬ ಬಜ್ಜಿ ಇತ್ತು. ಆ ನೊರೆ ಯಾವ ಜಾತಿಯದು ಅಂತ ಹೇಳಬೇಕಾದರೆ ಬಜ್ಜಿ ಎತ್ತುವವರೆಗೆ ಕಾಯಬೇಕಿತ್ತು. ಫೋಟೋ ಹೊಡೆದವನು ಕಾಯಲಿಲ್ಲ.

ಹೊಗೆಯದೂ ಇದೇ ಕತೆ. ಹಬೆ ಬೆಳ್ಳಗಿರುತ್ತದೆ, ಮೇಲೇರಿ ಮಾಯವಾಗುತ್ತದೆ. ಎಣ್ಣೆಯ ಹೊಗೆ ನೀಲಿ ಬೆರೆತದ್ದು, ಕಣ್ಣು ಉರಿಸುತ್ತದೆ. ಹೊಸ ರಿಫೈಂಡ್ ಎಣ್ಣೆ ಹೊಗೆಯಾಡುವುದು ಸುಮಾರು 220 ಡಿಗ್ರಿ ದಾಟಿದ ಮೇಲೆ. ಬಜ್ಜಿ ಬೇಯಲು 170-180 ಸಾಕು. ಎಣ್ಣೆ ಹಳೆಯದಾದಷ್ಟೂ ಹೊಗೆಯಾಡುವ ಮಟ್ಟ ಕೆಳಗಿಳಿಯುತ್ತದೆ. ಆದ್ದರಿಂದ ಒಲೆಯ ಮುಂದೆ ಒಂದು ಸುಲಭ ಪರೀಕ್ಷೆ ಇದೆ. ಎಣ್ಣೆ ಕಾಯುವಾಗ ಒಂದು ಹನಿ ಹಿಟ್ಟು ಬಿಡಿ. ಹನಿ ತಕ್ಷಣ ಮೇಲೆದ್ದರೆ ಎಣ್ಣೆ ಹದಕ್ಕೆ ಬಂದಿದೆ ಎಂದರ್ಥ. ಹನಿ ಇನ್ನೂ ತಳ ಬಿಟ್ಟೇಳದೆ ಇರುವಾಗಲೇ ಹೊಗೆ ಶುರುವಾದರೆ ಆ ಎಣ್ಣೆಗೆ ವಯಸ್ಸಾಗಿದೆ. ಉರಿ ಜೋರು ಮಾಡಿ ಮರೆತರೆ ಹೊಸ ಎಣ್ಣೆಯೂ ಹೊಗೆಯಾಡುತ್ತದೆ, ಅದು ಬೇರೆ ಮಾತು.

ಮಾರನೇ ದಿನ ನಾಲ್ಕು ಗಂಟೆಗೆ, ಒಲೆ ಹಚ್ಚುವ ಮೊದಲೇ, ಆ ಗಾಡಿಯ ಮುಂದೆ ನಿಂತೆ. "ಫೋಟೋ ತಗಿಯಕ್ ಬಂದ್ರಾ ಅಣ್ಣ?" ಅಂತ ಕೇಳಿದರು ಗಾಡಿಯವರು. ಇಲ್ಲ, ಎಣ್ಣೆ ನೋಡಕ್ಕೆ ಅಂದೆ. ಮುಚ್ಚುಮರೆ ಇಲ್ಲದೆ ಡಬ್ಬ ತೆಗೆದರು. ನಿನ್ನೆಯದು ಮೂರು ಲೀಟರ್ ಉಳಿದಿದೆ, ಬಟ್ಟೆಯಲ್ಲಿ ಸೋಸಿದೆ. ಅದಕ್ಕೆ ಒಂದು ಲೀಟರ್ ಹೊಸ ಪಾಕೆಟ್ ಸೇರಿಸಿದರು. ದಿನಾ ಹೀಗೆಯೇ ಅಂತೆ. ಬಾಣಲೆ ಪೂರಾ ಖಾಲಿ ಮಾಡಿದ್ದು ಯಾವತ್ತು ಅಂದರೆ ನೆನಪಿಲ್ಲ. ಸ್ಟೀಲ್ ಲೋಟಕ್ಕೆ ಬಗ್ಗಿಸಿ ನೋಡಿದರೆ ಎಣ್ಣೆ ಫೋಟೋದಷ್ಟು ಕಪ್ಪಿರಲಿಲ್ಲ, ಜೇನಿನ ಬಣ್ಣ. ಆದರೆ ಮೂಗಿಗೆ ಸಣ್ಣಗೆ ಕಮಟು ವಾಸನೆ ಹೊಡೆಯಿತು. ಫೋಟೋ ಹೇಳದ ತಪ್ಪು ಅಲ್ಲಿತ್ತು.

ಈ ಬೆರಕೆಯ ಲೆಕ್ಕ ಕೇಳಿ. ಎಣ್ಣೆ ಕಾದು ಕಾದು ಒಡೆದಾಗ ಹುಟ್ಟುವ ಕೆಟ್ಟ ವಸ್ತುಗಳನ್ನೆಲ್ಲ ಒಟ್ಟುಗೂಡಿಸಿ 'ಟೋಟಲ್ ಪೋಲಾರ್ ಕಾಂಪೌಂಡ್' ಅನ್ನುತ್ತಾರೆ. ಅದು ನೂರಕ್ಕೆ 25ನ್ನು ಮೀರಿದ ಎಣ್ಣೆಯಲ್ಲಿ ಕರಿಯಬಾರದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಉದಾಹರಣೆಗೆ, ಹಳೆಯ ಮೂರು ಲೀಟರಿನಲ್ಲಿ ಅದು 30 ಇದೆ ಅನ್ನಿ, ಅಂದರೆ ಗಡಿ ದಾಟಿದೆ. ಹೊಸ ಒಂದು ಲೀಟರಿನಲ್ಲಿ 6 ಇರಲಿ. ಮೂರು ಮೂವತ್ತಲ 90, ಅದಕ್ಕೆ 6 ಸೇರಿಸಿ ನಾಲ್ಕರಿಂದ ಭಾಗಿಸಿದರೆ 24. ನಾಲ್ಕು ಗಂಟೆಗೆ ಎಣ್ಣೆ ಕಾನೂನಿನೊಳಗೆ ಬಂತು, ಬಣ್ಣವೂ ತಿಳಿಯಾಯಿತು! ಆರು ಗಂಟೆಯೊಳಗೆ ಮತ್ತೆ ಗಡಿ ದಾಟಬಹುದು. ನಾಲ್ಕರ ಫೋಟೋ ಗಾಡಿಯವರನ್ನು ಬಿಡಿಸುತ್ತದೆ, ಒಂಬತ್ತರ ಫೋಟೋ ನೇಣಿಗೆ ಹಾಕುತ್ತದೆ. ಎಣ್ಣೆ ಅದೇ.

ಗಿರಾಕಿಗಳು ತಿಳಿಯಬೇಕಾದ ಇನ್ನೊಂದು ಸಂಗತಿ. ಎಣ್ಣೆಯನ್ನು ಕೆಡಿಸುವುದು ಬಜ್ಜಿಯ ಸಂಖ್ಯೆಗಿಂತ ಬೆಂಕಿಯ ಮೇಲೆ ಕಳೆದ ಹೊತ್ತು. ಅಮಾವಾಸ್ಯೆಯ ದಿನ ಮಾದಪ್ಪನ ಬೆಟ್ಟಕ್ಕೆ ಹೋಗುವ ಜನ ಹನೂರಿನ ಗಾಡಿಯೊಂದನ್ನು ಮುತ್ತಿಕೊಂಡರೆ, ಬಜ್ಜಿ ಜತೆ ಎಣ್ಣೆಯೂ ಹೊರಹೋಗುತ್ತದೆ, ಗಂಟೆಗೊಂದು ಹೊಸ ಪಾಕೆಟ್ ಬೀಳುತ್ತದೆ. ಯಳಂದೂರಿನ ಕಡೆ ಬಸ್ಸು ಬಂದಾಗ ಮಾತ್ರ ನಾಲ್ಕು ವಡೆ ಬಿಡುವ ಗಾಡಿಯಲ್ಲಿ, ಒಲೆ ಆರಿಸದಿದ್ದರೆ, ಅದೇ ಎಣ್ಣೆ ಸುಮ್ಮನೆ ಕುದಿದು ಕೂರುತ್ತದೆ. ಗದ್ದಲದ ಗಾಡಿಯ ಮಸಿ ಬಾಣಲೆಗಿಂತ ಖಾಲಿ ಗಾಡಿಯ ಚೊಕ್ಕ ಬಾಣಲೆಯೇ ಕೆಲವೊಮ್ಮೆ ಕೆಟ್ಟದ್ದು.

ಅನುಮಾನ ಬಂದವರಿಗೆ ದಾರಿ ಇಲ್ಲದೇ ಇಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಮಿನ ಪ್ರಕಾರ, ಕೊಂಡವನೇ ಶುಲ್ಕ ಕಟ್ಟಿ ತಿಂಡಿಯನ್ನು ಪರೀಕ್ಷೆಗೆ ಕೊಡಬಹುದು. ಕೊಳ್ಳುವಾಗಲೇ ಮಾರುವವನಿಗೆ ಹಾಗೆಂದು ಹೇಳಿರಬೇಕು. ಎಣ್ಣೆಯನ್ನೇ ಹಿಡಿಯಬೇಕಾದರೆ ಆಹಾರ ಸುರಕ್ಷತಾ ಅಧಿಕಾರಿ ಬಂದು ಸ್ಯಾಂಪಲ್ ತೆಗೆಯಬೇಕು. ಕಾದ ಎಣ್ಣೆಗೆ ಅದ್ದಿದರೆ ಅಂಕೆ ತೋರಿಸುವ ಮೀಟರೂ ಉಂಟು. ಅವರಿಗೆ ದೂರು ಕೊಡುವಾಗ ಫೋಟೋ ಕೆಲಸಕ್ಕೆ ಬರುತ್ತದೆ, ಎಲ್ಲಿ, ಎಷ್ಟು ಗಂಟೆಗೆ ಅಂತ ಬರೆದಿದ್ದರೆ.

ಗಾಡಿಯವರು ಕೊನೆಗೆ ಒಂದು ಪ್ರಶ್ನೆ ಕೇಳಿದರು. "ಚೆಲ್ಲು ಅಂತೀರಿ, ಸರಿ. ಚರಂಡಿಗೆ ಹಾಕುದ್ರೆ ನಗರಸಭೆಯೋರು ಬೈತಾರೆ. ಎಲ್ಲಿ ಚೆಲ್ಲಾನೆ?" ಬಳಸಿದ ಎಣ್ಣೆಯನ್ನು ಕೊಂಡು ಬಯೋಡೀಸೆಲ್ ಮಾಡುವ ಯೋಜನೆ 2018ರಲ್ಲೇ ಶುರುವಾಗಿದೆ. ಆದರೆ ಲೆಕ್ಕ ಇಟ್ಟು ಎಣ್ಣೆ ಒಪ್ಪಿಸಲೇಬೇಕೆಂಬ ನಿಯಮ ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವವರಿಗೆ ಮಾತ್ರ. ಮೂರು ಲೀಟರಿನ ಡಬ್ಬ ಹಿಡಿದು ನಿಂತವರ ಬಳಿಗೆ ಯಾವ ಲಾರಿಯೂ ಬರುವುದಿಲ್ಲ. ಹತ್ತು ಗಾಡಿಗಳ ಉಳಿಕೆ ಸುರಿಯಲು ಒಂದು ಡ್ರಮ್ಮು, ತುಂಬಿದಾಗ ಬರಲು ಒಬ್ಬ ಖರೀದಿದಾರ, ಇಷ್ಟು ಸಾಕಿತ್ತು. ಅವತ್ತು ಸಂಜೆಯೂ ಆ ಮೂರು ಲೀಟರ್ ಬಾಣಲೆಗೇ ಹೋಯಿತು.